ಶುಲ್ಕ ಸೊನ್ನೆ, ಆದರೂ ಹಣ ಪೂರ್ತಿ ಬಂದಿಲ್ಲ

2024ರ ನವೆಂಬರ್ ಕೊನೆಯ ಶುಕ್ರವಾರ ಮಧ್ಯಾಹ್ನ ನನ್ನ ತಮ್ಮ ಶಾರ್ಜಾದಿಂದ ವಾಟ್ಸಾಪ್‌ನಲ್ಲಿ ಹಣ ಕಳಿಸುವ ಆ್ಯಪ್‌ನ ಒಂದು ರಶೀದಿಯ ಚಿತ್ರ ಕಳಿಸಿದ. ಕೆಳಗೆ ಒಂದು ಸಾಲು: ‘ಅಕ್ಕಾ, ರೇಟು ಏರಿದೆ, ಶುಲ್ಕವೂ ಇಲ್ಲ. ಅಪ್ಪನ ಖಾತೆಗೆ ಬಂತಾ ನೋಡು.’ ರಶೀದಿಯಲ್ಲಿ ಕಳಿಸಿದ್ದು 1,500 ದಿರ್ಹಮ್, ಶುಲ್ಕ 0.00, ದರ 22.72, ತಲುಪುವ ಮೊತ್ತ 34,080 ರೂಪಾಯಿ. ಐದು ನಿಮಿಷವೂ ಆಗಿರಲಿಲ್ಲ, ಮೂಡಿಗೆರೆಯ ಬ್ಯಾಂಕಿನಲ್ಲಿರುವ ಅಪ್ಪನ ಖಾತೆಗೆ ಅಷ್ಟೂ ಜಮಾ ಆದ ಸಂದೇಶ ಬಂತು. ಒಂದು ಪೈಸೆಯೂ ಹೆಚ್ಚುಕಡಿಮೆ ಇಲ್ಲ.

ನಾನು ನಮ್ಮೂರ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. ತಮ್ಮ ಕಳಿಸುವ ಹಣವನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ, ಏಕೆಂದರೆ ಅವನು ಹೋಗುವಾಗ ಮಾಡಿದ ಸಾಲದ ಕಂತು ಅದರಿಂದಲೇ ಕಟ್ಟಬೇಕು. ಆ ದಿನ ಬರೆದು ಮುಗಿಸಿ ಹಾಳೆ ಹಿಂದಕ್ಕೆ ತಿರುಗಿಸಿದೆ. ಮೇ ತಿಂಗಳಲ್ಲಿ ದರ 22.60 ಇತ್ತು. ಅಂದರೆ ತಮ್ಮ ಹೇಳಿದ್ದು ನಿಜ, ದಿರ್ಹಮ್‌ಗೆ 12 ಪೈಸೆ ಏರಿದೆ. ಆದರೆ ಮೇ ತಿಂಗಳಿಂದ ಈಚೆಗೆ ರೂಪಾಯಿ ಎಷ್ಟು ಕುಸಿದಿತ್ತು ಎನ್ನುವುದು ಪತ್ರಿಕೆ ಓದುವ ನನಗೆ ನೆನಪಿತ್ತು. ಅಷ್ಟು ಕುಸಿದಿರುವಾಗ ನಮಗೆ ಬಂದದ್ದು ಹನ್ನೆರಡೇ ಪೈಸೆಯೇ ಎಂಬ ಅನುಮಾನ ಹುಟ್ಟಿತು.

ಈ ಅನುಮಾನವನ್ನು ಪರೀಕ್ಷಿಸಲು ಅರ್ಥಶಾಸ್ತ್ರ ಓದಿರಬೇಕಾಗಿಲ್ಲ. ಯುಎಇಯ ದಿರ್ಹಮ್ ತಾನಾಗಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. 1997ರಿಂದ ಒಂದು ಡಾಲರಿಗೆ 3.6725 ದಿರ್ಹಮ್ ಎಂದು ಕಟ್ಟಿಹಾಕಿದ್ದಾರೆ. ಹಾಗಾಗಿ ಡಾಲರಿಗೆ ಎಷ್ಟು ರೂಪಾಯಿ ಎಂಬುದು ಗೊತ್ತಾದರೆ ಅದನ್ನು 3.6725ರಿಂದ ಭಾಗಿಸಿದರೆ ಸಾಕು, ದಿರ್ಹಮ್‌ನ ನಿಜವಾದ ಬೆಲೆ ಸಿಗುತ್ತದೆ. ಆ ಶುಕ್ರವಾರ ನಾನು ನೋಡಿದಾಗ ಡಾಲರ್ 84.47 ಇತ್ತು. ಭಾಗಿಸಿದೆ: 23.00. ಮೇ ತಿಂಗಳಲ್ಲಿ ಡಾಲರ್ 83.40 ಎಂದು ಹಿಡಿದು ಭಾಗಿಸಿದೆ: 22.71.

ಈಗ ಲೆಕ್ಕ ಬಿಡಿಸಿಕೊಂಡಿತು. ಮೇ ತಿಂಗಳಲ್ಲಿ ನಿಜ ಬೆಲೆ 22.71 ಇದ್ದಾಗ ಆ್ಯಪ್ ಕೊಟ್ಟದ್ದು 22.60. ಪ್ರತಿ ದಿರ್ಹಮ್‌ನಲ್ಲಿ 11 ಪೈಸೆ ಅದು ಇಟ್ಟುಕೊಂಡಿತ್ತು. ನವೆಂಬರಿನಲ್ಲಿ ನಿಜ ಬೆಲೆ 23.00, ಕೊಟ್ಟದ್ದು 22.72, ಇಟ್ಟುಕೊಂಡದ್ದು 28 ಪೈಸೆ. ದಿರ್ಹಮ್ ಏರಿದ್ದು 29 ಪೈಸೆ. ಅದರಲ್ಲಿ 12 ಪೈಸೆ ನಮ್ಮ ಮನೆಗೆ ಬಂತು, 17 ಪೈಸೆ ಆ್ಯಪ್‌ನವರ ಹತ್ತಿರ ಉಳಿಯಿತು. ರೇಟು ಏರಿದೆ ಎಂದು ತಮ್ಮ ಖುಷಿಪಡುತ್ತಿದ್ದ ಹೊತ್ತಿನಲ್ಲೇ ಅವರ ಪಾಲು ಎರಡೂವರೆ ಪಟ್ಟು ಆಗಿತ್ತು. ಹೋದ ತಿಂಗಳ ದರದ ಜೊತೆ ಈ ತಿಂಗಳ ದರವನ್ನು ಹೋಲಿಸಿ ನೋಡುವವರಿಗೆ ಇದು ಎಂದಿಗೂ ಕಾಣುವುದಿಲ್ಲ. ಹೋಲಿಸಬೇಕಾದದ್ದು ಅದೇ ದಿನ, ಅದೇ ಗಳಿಗೆಯ ಮಾರುಕಟ್ಟೆ ದರದ ಜೊತೆ.

ಒಂದು ದಿರ್ಹಮ್‌ಗೆ 28 ಪೈಸೆ ಎಂದರೆ 1,500ಕ್ಕೆ 420 ರೂಪಾಯಿ. ಶುಲ್ಕ ಸೊನ್ನೆ ಎಂದು ಬರೆದ ರಶೀದಿಯಲ್ಲಿ 420 ರೂಪಾಯಿ ಕಡಿತವಾಗಿದೆ, ಆದರೆ ಕಡಿತ ಎಂಬ ಸಾಲೇ ಅಲ್ಲಿಲ್ಲ. ಅದು ದರದ ಒಳಗೆ ಕರಗಿದೆ. ಪ್ರತಿ ತಿಂಗಳೂ ಹೀಗೇ ಆದರೆ ವರ್ಷಕ್ಕೆ 5,040 ರೂಪಾಯಿ. ತಮ್ಮನ ಸಂಬಳ 2,300 ದಿರ್ಹಮ್. ಭಾನುವಾರ ಬಿಟ್ಟು ಲೆಕ್ಕ ಹಾಕಿದರೆ ಎರಡೂವರೆ ದಿನ ಅವನು ಕಟ್ಟಡಗಳ ಮಹಡಿಯ ಮೇಲೆ ಸುಡುವ ಬಿಸಿಲಿನಲ್ಲಿ ಏಸಿ ಯಂತ್ರಗಳನ್ನು ಬಿಚ್ಚಿ ಜೋಡಿಸಿದ ದುಡಿಮೆ ಅದು.

ಅಪ್ಪನಿಗೆ ಇದನ್ನು ಹೇಳಿದಾಗ ಅವರು ಒಂದೇ ಮಾತಿನಲ್ಲಿ ಹಿಡಿದರು: ‘ಅಂದರೆ ಓಟಿಯಲ್ಲಿ ಹೊಡೆದಿದ್ದಾರೆ.’ ಕಾಫಿ ಬೆಳೆಯದವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ರೊಬಸ್ಟಾ ಚೆರ್ರಿಯನ್ನು 50 ಕೆಜಿ ಚೀಲದ ಲೆಕ್ಕದಲ್ಲಿ ಮಾರುತ್ತೇವೆ. ಚೀಲದ ಬೆಲೆ ನಿರ್ಧಾರವಾಗುವುದು ಔಟ್‌ಟರ್ನ್ ಮೇಲೆ, ಅಂದರೆ ಆ 50 ಕೆಜಿಯ ಸಿಪ್ಪೆ ಬಿಡಿಸಿದರೆ ಎಷ್ಟು ಕೆಜಿ ಬೀಜ ಸಿಗುತ್ತದೆ ಎಂಬುದರ ಮೇಲೆ. ಅದನ್ನೇ ಓಟಿ ಎನ್ನುತ್ತೇವೆ. ವ್ಯಾಪಾರಿ ಪಕ್ಕದವನಿಗಿಂತ ಹೆಚ್ಚು ರೇಟು ಕೂಗಿ, ಸ್ಯಾಂಪಲ್ ನೋಡಿ ಓಟಿಯನ್ನು 26ರ ಬದಲು 25 ಎಂದು ಹಿಡಿದರೆ ಕೂಗಿದ ರೇಟು ಹಾಗೇ ಇರುತ್ತದೆ, ಕೈಗೆ ಬರುವ ಹಣ ಕಡಿಮೆಯಾಗುತ್ತದೆ. ಅದಕ್ಕೇ ಅಪ್ಪ ರೇಟು ಕೇಳಿ ಸುಮ್ಮನಾಗುವವರಲ್ಲ, ‘ಓಟಿ ಎಷ್ಟು ಹಿಡಿದಿರಿ?’ ಎಂದೂ ಕೇಳುತ್ತಾರೆ. ಆದರೆ ಕಾಫಿ ವ್ಯಾಪಾರಿಯ ಎದುರು ತಕ್ಕಡಿ ಇರುತ್ತದೆ, ಸ್ಯಾಂಪಲ್ ಕಣ್ಣೆದುರೇ ಇರುತ್ತದೆ, ಒಪ್ಪದಿದ್ದರೆ ಚೀಲ ಎತ್ತಿಕೊಂಡು ಬೇರೆ ಕಡೆ ಹೋಗಬಹುದು. ರಾತ್ರಿ ಎಂಟು ಜನರ ಕೋಣೆಯಲ್ಲಿ ಮೊಬೈಲ್ ಹಿಡಿದು ಕುಳಿತ ಹುಡುಗ ಯಾವ ತಕ್ಕಡಿ ನೋಡಬೇಕು?

ಈ ಹಣ ಹೇಗೆ ಬರುತ್ತದೆ ಎಂಬುದನ್ನೂ ತಿಳಿದುಕೊಂಡೆ. ತಮ್ಮ ಗುಂಡಿ ಒತ್ತಿದ ಕೂಡಲೇ ಅವನ ದಿರ್ಹಮ್‌ಗಳು ಸಮುದ್ರ ದಾಟಿ ಬರುವುದಿಲ್ಲ. ಅಲ್ಲಿಯ ಹಣ ವಿನಿಮಯ ಕಂಪನಿಗಳು ಭಾರತದ ಬ್ಯಾಂಕುಗಳಲ್ಲಿ ಮೊದಲೇ ರೂಪಾಯಿ ಖಾತೆ ತೆರೆದಿರುತ್ತವೆ. ಅದಕ್ಕೆ ವೋಸ್ಟ್ರೋ ಖಾತೆ ಎನ್ನುತ್ತಾರೆ. ರಿಸರ್ವ್ ಬ್ಯಾಂಕಿನ ಅನುಮತಿಯಿರುವ ವ್ಯವಸ್ಥೆ ಇದು. ಆ ಖಾತೆಯಿಂದ ನಮ್ಮ ಖಾತೆಗೆ ಸಾಮಾನ್ಯ ದೇಶೀ ವರ್ಗಾವಣೆಯ ಹಾಗೆ ರೂಪಾಯಿ ಬರುತ್ತದೆ, ಅದಕ್ಕೇ ಐದು ನಿಮಿಷ ಸಾಕು. ಅಂದರೆ ಕಂಪನಿ ಮಾಡುತ್ತಿರುವುದು ರೂಪಾಯಿಯ ಚಿಲ್ಲರೆ ವ್ಯಾಪಾರ. ಸಗಟಿನಲ್ಲಿ ದಿರ್ಹಮ್‌ಗೆ 23ರ ಹತ್ತಿರ ಕೊಂಡ ರೂಪಾಯಿಯನ್ನು 22.72ರಂತೆ ನನ್ನ ತಮ್ಮನಿಗೆ ಮಾರುತ್ತದೆ. ವ್ಯಾಪಾರಿ ಲಾಭ ಇಟ್ಟುಕೊಳ್ಳುವುದು ತಪ್ಪಲ್ಲ. ಅವರಿಗೂ ಸಂಬಳ, ಪರವಾನಗಿ, ಕಚೇರಿ ಖರ್ಚು ಇದೆ. ನನ್ನ ಸಿಟ್ಟು ಲಾಭದ ಮೇಲಲ್ಲ, ಲಾಭ ಪಡೆದು ‘ಶುಲ್ಕವಿಲ್ಲ’ ಎಂದು ದೊಡ್ಡ ಅಕ್ಷರದಲ್ಲಿ ಬರೆಯುವುದರ ಮೇಲೆ.

ಇನ್ನೊಂದು ವಿಷಯ ನನಗೆ ಆಶ್ಚರ್ಯ ತಂದಿತು. ಯುಎಇಯಲ್ಲಿ 2018ರಿಂದ ಶೇ. 5 ವ್ಯಾಟ್ ಇದೆ. ಶುಲ್ಕ ಎಂದು ಬಿಡಿಯಾಗಿ ತೋರಿಸಿದ ಹಣಕ್ಕೆ ಅದು ಬೀಳುತ್ತದೆ. 15 ದಿರ್ಹಮ್ ಶುಲ್ಕವಾದರೆ 0.75 ವ್ಯಾಟ್, ರಶೀದಿಯಲ್ಲಿ ಎರಡೂ ಕಾಣುತ್ತವೆ. ದರದ ಒಳಗೆ ಸೇರಿಸಿಕೊಂಡ ಲಾಭಕ್ಕೆ ವ್ಯಾಟ್ ಇಲ್ಲ. ಹಾಗಾಗಿ ಮುಚ್ಚಿಡುವುದೇ ಎಲ್ಲ ರೀತಿಯಿಂದಲೂ ಅನುಕೂಲ.

ಹಾಗೆಂದು ಶುಲ್ಕ ತೆಗೆದುಕೊಳ್ಳುವ ಆ್ಯಪ್ ಒಳ್ಳೆಯದು, ಉಚಿತ ಎನ್ನುವುದು ಕೆಟ್ಟದ್ದು ಎಂದು ತೀರ್ಮಾನಿಸಿದರೆ ಮೋಸ ಹೋಗುತ್ತೀರಿ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ತಮ್ಮನ ಕೋಣೆಯ ಇನ್ನೊಬ್ಬ ಹುಡುಗ ಬಳಸುವ ಆ್ಯಪ್ 15.75 ದಿರ್ಹಮ್ ಕಡಿದುಕೊಂಡು 22.95 ದರ ಕೊಡುತ್ತಿತ್ತು. ಅದೇ 1,500 ದಿರ್ಹಮ್‌ಗೆ ಲೆಕ್ಕ ಹಾಕಿದರೆ 34,064 ರೂಪಾಯಿ. ನಮಗೆ ಬಂದದ್ದಕ್ಕಿಂತ 16 ರೂಪಾಯಿ ಕಡಿಮೆಯೇ! 500 ದಿರ್ಹಮ್ ಕಳಿಸುವವನಿಗಂತೂ ಉಚಿತದ ಆ್ಯಪ್‌ನಲ್ಲೇ 246 ರೂಪಾಯಿ ಹೆಚ್ಚು ಸಿಗುತ್ತದೆ. 3,000 ಕಳಿಸಿದರೆ ಲೆಕ್ಕ ತಿರುಗುತ್ತದೆ: ಶುಲ್ಕದ ಆ್ಯಪ್‌ನಲ್ಲಿ 329 ರೂಪಾಯಿ ಹೆಚ್ಚು. ಶುಲ್ಕ ಕಳಿಸುವ ಮೊತ್ತ ಎಷ್ಟಿದ್ದರೂ ಒಂದೇ. ದರದ ಅಂತರ ಮೊತ್ತದ ಜೊತೆ ಬೆಳೆಯುತ್ತದೆ. ನಾವು ತಿಂಗಳಿಗೆ 1,500 ಕಳಿಸುವವರು ಸರಿಯಾಗಿ ಆ ಎರಡರ ನಡುವೆ ನಿಂತಿದ್ದೇವೆ.

ಅದಕ್ಕೆ ನಾನೀಗ ಶುಲ್ಕವನ್ನೂ ನೋಡುವುದಿಲ್ಲ, ಅವರು ತೋರಿಸುವ ದರವನ್ನೂ ನಂಬುವುದಿಲ್ಲ. ಖಾತೆಗೆ ಬಂದ ರೂಪಾಯಿಯನ್ನು, ತಮ್ಮನ ಕೈಬಿಟ್ಟ ಒಟ್ಟು ದಿರ್ಹಮ್‌ನಿಂದ ಭಾಗಿಸುತ್ತೇನೆ. ಶುಲ್ಕ, ವ್ಯಾಟ್ ಎಲ್ಲ ಸೇರಿಸಿ ಒಟ್ಟು. ಬರುವ ಸಂಖ್ಯೆಯೇ ನಮಗೆ ಸಿಕ್ಕ ದರ. ಅದನ್ನು ಡಾಲರ್ ದರ ಭಾಗಿಸು 3.6725 ಎಂಬ ಸಂಖ್ಯೆಯ ಪಕ್ಕದಲ್ಲಿ ಬರೆಯುತ್ತೇನೆ. ಸೌದಿಯಲ್ಲಿರುವವರು 3.75ರಿಂದ, ಕತಾರ್‌ನವರು 3.64ರಿಂದ ಭಾಗಿಸಬೇಕು. ಕುವೈತ್ ದಿನಾರ್ ಡಾಲರೊಂದಕ್ಕೇ ಕಟ್ಟಿದ್ದಲ್ಲ, ಅಲ್ಲಿಗೆ ಈ ಸೂತ್ರ ನಡೆಯುವುದಿಲ್ಲ. ಆ ದಿನದ ದಿನಾರ್ ದರವನ್ನೇ ನೋಡಬೇಕು.

ಎರಡು ಕಡೆ ಎಚ್ಚರ ಬೇಕು. ಹೊಸ ಆ್ಯಪ್‌ನಲ್ಲಿ ಮೊದಲ ಸಲ ಕಳಿಸುವಾಗ ಬಹಳ ಒಳ್ಳೆಯ ದರ ಸಿಗಬಹುದು, ಎರಡನೆಯ ಸಲ ಅದು ಇರಬೇಕೆಂದಿಲ್ಲ. ಎರಡನೆಯ ಸಲದ ಲೆಕ್ಕವೇ ನಿಜವಾದದ್ದು. ಶನಿವಾರ, ಭಾನುವಾರ ಮಾರುಕಟ್ಟೆ ಮುಚ್ಚಿರುವಾಗ ಸೋಮವಾರ ದರ ಏನಾಗುತ್ತದೋ ಎಂಬ ಅಂಜಿಕೆಯನ್ನು ಕಂಪನಿಗಳು ನಮ್ಮ ದರದಲ್ಲೇ ಸೇರಿಸಿಬಿಡಬಹುದು. ತುರ್ತಿಲ್ಲದಿದ್ದರೆ ವಾರದ ನಡುವೆ ಕಳಿಸುವುದು ವಾಸಿ.

ಈ ಲೆಕ್ಕ ಕೇಳಿ ತಮ್ಮ ಬೇಸರದಿಂದ, ‘ಹಾಗಾದರೆ ಹುಂಡಿಯಲ್ಲೇ ಕಳಿಸುತ್ತೇನೆ ಅಕ್ಕಾ, ಅವರು 23ಕ್ಕಿಂತ ಹೆಚ್ಚೇ ಕೊಡುತ್ತಾರಂತೆ’ ಎಂದ. ಗದರಿಸಿದೆ. ಪರವಾನಗಿ ಇಲ್ಲದ ದಲ್ಲಾಳಿಗಳ ಮೂಲಕ ಹಾಗೆ ಹಣ ದಾಟಿಸುವುದು ಕಾನೂನಿಗೆ ವಿರುದ್ಧ ಎಂಬುದು ಒಂದು ಮಾತು. ಆ ಹಣ ಯಾರದೋ ಗುರುತಿಲ್ಲದ ಖಾತೆಯಿಂದ ಅಪ್ಪನ ಖಾತೆಗೆ ಬೀಳುತ್ತದೆ. ಆ ಖಾತೆ ಯಾವುದಾದರೂ ವಂಚನೆ ಪ್ರಕರಣದಲ್ಲಿದ್ದರೆ ಅಪ್ಪನ ಖಾತೆಯೂ ಸ್ಥಗಿತವಾಗಬಹುದು, ತೋರಿಸಲು ರಶೀದಿಯೂ ಇರುವುದಿಲ್ಲ. 420 ರೂಪಾಯಿ ಉಳಿಸಲು ಹೋಗಿ ಇಡೀ ಖಾತೆ ಕಳೆದುಕೊಳ್ಳುವ ವ್ಯವಹಾರ ಬೇಡ.

ಯುರೋಪಿನ ಒಕ್ಕೂಟದಲ್ಲಿ 2020ರ ಏಪ್ರಿಲ್‌ನಿಂದ ಒಂದು ನಿಯಮ ಇದೆ. ಕಾರ್ಡ್‌ನಲ್ಲಿ ಪಾವತಿಸುವಾಗ ಕರೆನ್ಸಿ ಬದಲಾವಣೆಗೆ ಎಷ್ಟು ತೆಗೆದುಕೊಳ್ಳುತ್ತಾರೆ ಎಂಬುದನ್ನು ಅಲ್ಲಿಯ ಕೇಂದ್ರ ಬ್ಯಾಂಕಿನ ದರಕ್ಕಿಂತ ಶೇಕಡಾ ಎಷ್ಟು ಹೆಚ್ಚು ಎಂದೇ ತೋರಿಸಬೇಕು. ಪ್ರವಾಸಕ್ಕೆ ಹೋದವರು ಕಾಫಿ ಕುಡಿದು ಕಾರ್ಡ್ ಉಜ್ಜುವಾಗ ಸಿಗುವ ಈ ಮಾಹಿತಿ, ಮನೆಯ ಸಾಲ ತೀರಿಸಲು ದುಡಿಯುವವನ ರಶೀದಿಯಲ್ಲಿ ಯಾಕೆ ಇರಬಾರದು? ನಾನು ಕೇಳುವುದು ಒಂದೇ ಒಂದು ಸಾಲು: ‘ಈ ಗಳಿಗೆಯ ಮಾರುಕಟ್ಟೆ ದರ 23.00, ನಾವು ಇಟ್ಟುಕೊಂಡದ್ದು 420 ರೂಪಾಯಿ.’ ಅದನ್ನು ಓದಿಯೂ ತಮ್ಮ ಅದೇ ಆ್ಯಪ್‌ನಲ್ಲಿ ಕಳಿಸಿದರೆ ಅದು ಅವನ ಆಯ್ಕೆ.

ನಮ್ಮ ಕಡೆಯಿಂದ ಕೊಲ್ಲಿ ದೇಶಗಳಿಗೆ ಹೋಗಿರುವ ತಮ್ಮಂದಿರು, ಅಣ್ಣಂದಿರು, ಅಕ್ಕತಂಗಿಯರು ಈ ಬರಹ ಓದಿದರೆ ಹೋದ ತಿಂಗಳು ಕೈಬಿಟ್ಟ ಒಟ್ಟು ಹಣ, ಮನೆಗೆ ತಲುಪಿದ ರೂಪಾಯಿ, ಕಳಿಸಿದ ದಿನಾಂಕ ಈ ಮೂರನ್ನು ಮಾತ್ರ ಕೆಳಗೆ ಬರೆಯಿರಿ. ಖಾತೆ ಸಂಖ್ಯೆ, ರಶೀದಿಯ ಚಿತ್ರ ಹಾಕಬೇಡಿ. ಭಾನುವಾರ ಸಂಘಕ್ಕೆ ರಜೆ, ಕುಳಿತು ಒಬ್ಬೊಬ್ಬರದ್ದೂ ಲೆಕ್ಕ ಹಾಕಿ ಹೇಳುತ್ತೇನೆ.