ಗೆಳೆಯನ ಕೈಗೆ ಕೀ ಕೊಡುವ ಮುಂಚೆ ಅವನ ಡಿಎಲ್ ನೋಡಿ

ಮೊನ್ನೆ ಕೋರ್ಟಿನ ಹೊರಗೆ ಒಬ್ಬರು ನನ್ನ ಕೈ ಹಿಡಿದುಕೊಂಡು, “ಸಾರ್, ಗಾಡಿ ಓಡಿಸಿದ್ದು ನಾನಲ್ಲ, ಅವತ್ತು ನಾನು ಮನೆಯಲ್ಲೇ ಇದ್ದೆ, ಇನ್ಶೂರೆನ್ಸೂ ಕಟ್ಟಿದ್ದೆ, ನನಗ್ಯಾಕೆ ನೋಟಿಸು?” ಅಂದರು. ಅಪಘಾತದ ಕ್ಲೇಮ್ ಕೇಸುಗಳನ್ನು ನಡೆಸುವ ವಕೀಲನಾಗಿ ಈ ಪ್ರಶ್ನೆ ನನಗೆ ಹೊಸದಲ್ಲ. ಆದರೂ ಪ್ರತಿ ಸಲ ಸಂಕಟವಾಗುತ್ತದೆ.

ಅವರ ಗೆಳೆಯ ಮದುವೆಗೆ ಹೋಗಬೇಕು ಅಂತ ಒಂದು ದಿನಕ್ಕೆ ಕಾರು ಕೇಳಿದ್ದ. ಹತ್ತು ವರ್ಷದ ಸ್ನೇಹ, ಚೆನ್ನಾಗಿ ಓಡಿಸುತ್ತಾನೆ, ಕೊಟ್ಟರು. ದಾರಿಯಲ್ಲಿ ಬೈಕಿಗೆ ಗುದ್ದಿ ಸವಾರ ತೀರಿಕೊಂಡ. ಪೊಲೀಸರು ಲೈಸೆನ್ಸ್ ಕೇಳಿದಾಗ ಗೊತ್ತಾಯಿತು, ಅವನ ಹತ್ತಿರ ಇದ್ದದ್ದು ಗೇರ್ ಬೈಕಿನ ಲೈಸೆನ್ಸ್ ಮಾತ್ರ. ಬೈಕ್ ಲೈಸೆನ್ಸ್ ಇಟ್ಟುಕೊಂಡು ಕಾರು ಓಡಿಸಿದರೆ ಕಾನೂನಿನ ಲೆಕ್ಕದಲ್ಲಿ ಅದು ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೇ. ಡಿಎಲ್‌ನಲ್ಲಿ LMV, ಅಂದರೆ ಕಾರಿನಂಥ ಲಘು ವಾಹನ, ಅಂತ ಇರಬೇಕು, ಅವಧಿಯೂ ಮುಗಿದಿರಬಾರದು. ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್ ಮಾತ್ರ ಇರುವವನು ಪಕ್ಕದಲ್ಲಿ ಲೈಸೆನ್ಸ್ ಇರುವವರನ್ನು ಕೂರಿಸಿಕೊಳ್ಳದೆ ಒಬ್ಬನೇ ಓಡಿಸಿದರೂ ತಪ್ಪೇ.

ಜನ ಏನಂದುಕೊಂಡಿದ್ದಾರೆ ಅಂದರೆ, ತಪ್ಪು ಓಡಿಸಿದವನದು, ಕೇಸೂ ಅವನ ಮೇಲೆ. ಅರ್ಧ ಮಾತ್ರ ನಿಜ. ಮೋಟಾರು ವಾಹನ ಕಾಯ್ದೆಯ 5ನೇ ಕಲಂ ಮಾಲೀಕನಿಗೇ ನೇರವಾಗಿ ಹೇಳುತ್ತದೆ, ಲೈಸೆನ್ಸ್ ಇಲ್ಲದವರಿಗೆ ಗಾಡಿ ಓಡಿಸಲು ಬಿಡಬಾರದು ಅಂತ. ಬಿಟ್ಟರೆ 180ನೇ ಕಲಂ ಪ್ರಕಾರ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಅಪಘಾತವೇ ಆಗಬೇಕೆಂದಿಲ್ಲ, ರಸ್ತೆಯಲ್ಲಿ ತಪಾಸಣೆಗೆ ಸಿಕ್ಕರೂ ಸಾಕು.

ಆದರೆ 5,000 ರೂಪಾಯಿಯಿಂದ ಯಾರ ಮನೆಯೂ ಮುಳುಗುವುದಿಲ್ಲ. ಮುಳುಗಿಸುವುದು ಪರಿಹಾರದ ಮೊತ್ತ. ಒಂದು ಲೆಕ್ಕ ಹಾಕಿ ನೋಡಿ. ತೀರಿಕೊಂಡವನಿಗೆ 32 ವರ್ಷ, ಸ್ವಂತ ಕೆಲಸ, ತಿಂಗಳಿಗೆ 25,000 ದುಡಿಮೆ, ಮನೆಯಲ್ಲಿ ತಾಯಿ, ಹೆಂಡತಿ, ಒಂದು ಮಗು ಅಂದುಕೊಳ್ಳಿ. ಮುಂದೆ ದುಡಿಮೆ ಹೆಚ್ಚುತ್ತಿತ್ತು ಅಂತ ಶೇಕಡಾ 40 ಸೇರಿಸುತ್ತಾರೆ, 35,000 ಆಯಿತು. ಅವನ ಸ್ವಂತ ಖರ್ಚಿಗೆ ಮೂರನೇ ಒಂದು ಭಾಗ ಕಳೆಯುತ್ತಾರೆ. ವರ್ಷಕ್ಕೆ 2,80,000 ಉಳಿಯಿತು. ಆ ವಯಸ್ಸಿಗೆ ಅದನ್ನು 16ರಿಂದ ಗುಣಿಸುತ್ತಾರೆ. 44,80,000. ಅಂತ್ಯಕ್ರಿಯೆ ಖರ್ಚು, ಕುಟುಂಬದ ನಷ್ಟ ಅಂತ ಇನ್ನಷ್ಟು ಸೇರುತ್ತದೆ, ಮೇಲೆ ಅರ್ಜಿ ಹಾಕಿದ ದಿನದಿಂದ ಬಡ್ಡಿ.

“ಇನ್ಶೂರೆನ್ಸ್ ಇದೆಯಲ್ಲ?” ಅನ್ನುತ್ತೀರಿ. ಇದೆ, ಆದರೆ ಅದು ಸತ್ತವರ ಮನೆಯವರಿಗೆ, ನಿಮಗಲ್ಲ. ಲೈಸೆನ್ಸ್ ಇಲ್ಲದವರು ಓಡಿಸಬಾರದು ಅನ್ನುವುದು ಪಾಲಿಸಿಯ ಷರತ್ತು. ಗೊತ್ತಿದ್ದೋ, ಕೇಳದೆಯೋ ಅದನ್ನು ಮುರಿದಿದ್ದೀರಿ ಅಂತ ಸಾಬೀತಾದರೆ, 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ದಾರಿಯಲ್ಲಿ, ಕಂಪನಿ ಮೊದಲು ಆ ಕುಟುಂಬಕ್ಕೆ ದುಡ್ಡು ಕೊಟ್ಟು ಆಮೇಲೆ ನಿಮ್ಮಿಂದ ವಸೂಲಿ ಮಾಡಬಹುದು. ಅದಕ್ಕೆ ಬೇರೆ ದಾವೆ ಕೂಡ ಬೇಕಿಲ್ಲ, ಪರಿಹಾರದ ಕೇಸು ನಡೆದ ಅದೇ ನ್ಯಾಯಮಂಡಳಿಯಲ್ಲೇ ವಸೂಲಿ ಅರ್ಜಿ ಹಾಕುತ್ತದೆ. ನಿಮ್ಮ ಮನೆ, ಸೈಟು ಜಪ್ತಿಗೆ ಬರುವುದು ಹೀಗೆ. ಜಖಂ ಆದ ನಿಮ್ಮ ಕಾರಿನ ರಿಪೇರಿ ಕ್ಲೇಮ್ ಬಿದ್ದುಹೋಗುವುದು ಬೇರೆ.

ಇಲ್ಲಿ ಮಾಲೀಕರು ಎರಡು ತಪ್ಪು ಮಾಡುತ್ತಾರೆ, ಎರಡೂ ನೋಡಿ ಬೇಸತ್ತಿದ್ದೇನೆ. ಒಂದು, ನೋಟಿಸು ಬಂದರೆ ಕಂಪನಿ ನೋಡಿಕೊಳ್ಳುತ್ತೆ ಅಂತ ಸುಮ್ನೆ ಇರುವುದು. ಷರತ್ತು ಮುರಿದಿದ್ದೀರಿ ಅಂತ ತೋರಿಸುವ ಹೊಣೆ ಕಂಪನಿಯದು, ನಿಜ. ಆದರೆ ಕಂಪನಿ ಆರ್‌ಟಿಓ ದಾಖಲೆ ತರಿಸಿ ಮುಂದಿಟ್ಟ ಮೇಲೆ, “ನಾನು ಲೈಸೆನ್ಸ್ ನೋಡಿಯೇ ಕೊಟ್ಟೆ” ಅಂತ ಕಟಕಟೆ ಹತ್ತಿ ಹೇಳಬೇಕಾದವರು ನೀವು. ನೀವೇ ಬರದಿದ್ದರೆ ನಿಮ್ಮ ಪರವಾಗಿ ಯಾರು ಮಾತಾಡುತ್ತಾರೆ?

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಲೈಸೆನ್ಸ್ ಇರುವ ಅಣ್ಣನನ್ನೋ ಭಾವನನ್ನೋ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ, ಓಡಿಸಿದ್ದು ಇವನೇ ಅಂತ ಹೇಳಿಸುವುದು. ದಯವಿಟ್ಟು ಮಾಡಬೇಡಿ. ಗಾಯಗೊಂಡು ಆಸ್ಪತ್ರೆಗೆ ಹೋದವನ ದಾಖಲೆಯಲ್ಲಿ ಯಾರು ಓಡಿಸುತ್ತಿದ್ದರು ಅನ್ನುವುದು ಎಷ್ಟೋ ಸಲ ಬರೆದಿರುತ್ತದೆ. ಟೋಲ್ ಕ್ಯಾಮೆರಾ ಇರುತ್ತದೆ, ಮೊಬೈಲ್ ಟವರ್ ಇರುತ್ತದೆ. ಕಂಪನಿಯ ತನಿಖೆಯವರು ಮೊದಲು ಹುಡುಕುವುದೇ ಇದನ್ನು. ಸಿಕ್ಕಿಬಿದ್ದರೆ ಸುಳ್ಳು ಸಾಕ್ಷಿಯ ಕೇಸು ಬೇರೆ, ಭಾವನ ಮೇಲೂ.

ಹಾಗಾದರೆ ಮಾಲೀಕನಿಗೆ ರಕ್ಷಣೆಯೇ ಇಲ್ಲವಾ? ಇದೆ. ಗೆಳೆಯ ತೋರಿಸಿದ ಲೈಸೆನ್ಸ್ ಆಮೇಲೆ ನಕಲಿ ಅಂತ ಗೊತ್ತಾದರೂ, ನೋಡಿದಾಗ ಸರಿಯಾಗೇ ಕಂಡಿತ್ತು ಅಂದರೆ ಆರ್‌ಟಿಓಗೆ ಹೋಗಿ ವಿಚಾರಿಸಬೇಕಿತ್ತು ಅಂತ ಕೋರ್ಟು ಕೇಳುವುದಿಲ್ಲ. ಸುಪ್ರೀಂ ಕೋರ್ಟಿನ 2003ರ ಲೆಹ್ರು ತೀರ್ಪಿನಲ್ಲಿ ಇದು ಸ್ಪಷ್ಟವಾಗಿದೆ. ಅಂದರೆ ನೋಡಿದವನು ಉಳಿಯುತ್ತಾನೆ, ಕೇಳಲು ಸಂಕೋಚಪಟ್ಟವನು ಸಿಕ್ಕಿಕೊಳ್ಳುತ್ತಾನೆ.

ಕೋರ್ಟಿನ ಹೊರಗೆ ಸಿಕ್ಕ ಆ ಮನುಷ್ಯರಿಗೆ ನಾನೂ ಇದನ್ನೇ ಕೇಳಿದೆ, ಕೀ ಕೊಡುವಾಗ ಡಿಎಲ್ ಕೇಳಿದ್ರಾ ಅಂತ. “ಅವನನ್ನ ಹೇಗೆ ಕೇಳೋದು ಸಾರ್, ಬೇಜಾರು ಮಾಡ್ಕೊಳ್ತಾನೆ ಅಂತ ಸುಮ್ನಾದೆ” ಅಂದರು. ಡಿಜಿಲಾಕರ್‌ನಲ್ಲಿ ತೆರೆದು ತೋರಿಸಲು ಅರ್ಧ ನಿಮಿಷ ಸಾಕು, ಅದರ ಫೋಟೋ ವಾಟ್ಸಾಪ್‌ಗೆ ಕಳಿಸು ಅಂದಿದ್ದರೆ ತಾರೀಖಿನ ಸಮೇತ ಇವರ ಹತ್ತಿರ ಉಳಿಯುತ್ತಿತ್ತು. ಬೈಕ್ ಲೈಸೆನ್ಸ್ ಅನ್ನುವುದು ಅಲ್ಲೇ ಕಾಣುತ್ತಿತ್ತು, ಕೀ ಕೊಡುತ್ತಲೇ ಇರಲಿಲ್ಲ.