ಚಾಚಾ ಹೇಳಿದ ಕೊನೆಯ ಮೂರು ಮಾತು

ನಿನ್ನೆ ರಾತ್ರಿಯಿಂದ ಸಿಟ್ಟು ಇಳಿದಿಲ್ಲ. ನಮ್ಮ ಬೀದರಿನ ಬಿದ್ರಿ ಕೆಲಸದ ಬಗ್ಗೆ ಬಂದ ಸಾಕ್ಷ್ಯಚಿತ್ರದಲ್ಲಿ ನಮ್ಮ ಓಣಿಯ ಚಾಚಾ ಇದ್ದಾರೆ. ಶೂಟಿಂಗ್ ದಿನ ನಾನೂ ಅಲ್ಲೇ ಕೂತಿದ್ದೆ, ಮೊಬೈಲಲ್ಲಿ ರೆಕಾರ್ಡ್ ಕೂಡ ಮಾಡಿಕೊಂಡಿದ್ದೆ.

ಸಿನಿಮಾದಲ್ಲಿ ಚಾಚಾ ಹೇಳ್ತಾರೆ: "ನಮ್ ಹಿಂದ ಈ ಕೆಲಸ ಮಾಡೋರು ಯಾರೂ ಇರಲ್ಲ." ಆಮೇಲೆ ಕೊಳಲು. ನನಗೆ ಕಣ್ಣೀರು ಬಂತು.

ಅವತ್ತು ಅವರು ಹೇಳಿದ್ದು ಇದು: "ನಮ್ ಹಿಂದ ಈ ಕೆಲಸ ಮಾಡೋರು ಯಾರೂ ಇರಲ್ಲ ಅಂತ ಮಂದಿ ಅಂತಾರ. ಖರೇ ಅಲ್ಲ ಅದು."

ನಮ್ಮ ಭಾಷೆಯಲ್ಲಿ 'ಅಂತಾರೆ' ಬರೋದು ಕೊನೆಗೆ, 'ಅಲ್ಲ' ಬರೋದು ಕೊನೆಗೆ. ಬಾಲ ಕತ್ತರಿಸಿದರೆ ಬೇರೆಯವರ ಮಾತು ಅವರದೇ ಆಗಿಬಿಡುತ್ತದೆ. ಒಂದಕ್ಷರವನ್ನೂ ಸೇರಿಸಬೇಕಾಗಿಲ್ಲ.

ಎರಡನೇ ಸಲ ಕಿವಿಗೊಟ್ಟು ನೋಡಿದೆ. 'ಇರಲ್ಲ' ಅನ್ನುವ ಹೊತ್ತಿಗೆ ಪರದೆ ಮೇಲೆ ಚಾಚಾ ಮುಖ ಇಲ್ಲ, ಉಳಿ ಹಿಡಿದ ಕೈ ಇದೆ. ತುಟಿ ಕಾಣದಿದ್ದಾಗ ಮಾತನ್ನು ಎಲ್ಲಿ ಬೇಕಾದರೂ ಕತ್ತರಿಸಬಹುದು. ಹಿಂದೆ ಕೇಳುತ್ತಿದ್ದ ಪಕ್ಕದ ಮನೆಯ ಟಕ್ ಟಕ್ ಕೂಡ ಅಲ್ಲೇ ಅರ್ಧಕ್ಕೆ ನಿಂತಿದೆ. ಕತ್ತರಿ ಬಿದ್ದ ಜಾಗ ಅದು.

ಆಮೇಲೆ ಬರುವ ಆ ಮೌನದ ಮುಖ ಇದೆಯಲ್ಲ? ಕೋಣೆಯ ಸದ್ದು ಹಿಡಿಯಲು ಅರ್ಧ ನಿಮಿಷ ಎಲ್ಲರೂ ಅಲ್ಲಾಡದೆ ಕೂರಿ ಅಂದಿದ್ದರು. ಶೂಟಿಂಗಿನಲ್ಲಿ ಸಾಮಾನ್ಯವಾಗಿ ಹೀಗೆ ಮಾಡುತ್ತಾರೆ, ತಪ್ಪಲ್ಲ. ಚಾಚಾ ಪಾಪ, ಹೇಳಿದ ಹಾಗೆ ಸುಮ್ನೆ ಕೂತಿದ್ದರು. ಅದೇ ಮುಖ ಈಗ ದುಃಖ ಆಗಿದೆ. ನೂರು ವರ್ಷದ ಹಿಂದೆ ರಷ್ಯಾದ ಸಿನಿಮಾ ನಿರ್ದೇಶಕ ಕುಲೆಶೊವ್ ಒಬ್ಬ ನಟನ ಒಂದೇ ಮುಖದ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ ಇಟ್ಟು ತೋರಿಸಿದ್ದರು. ನೋಡಿದವರು ಅಲ್ಲಿ ಹಸಿವು, ಇಲ್ಲಿ ದುಃಖ ಕಂಡರು. ಓದಿ ಗೊತ್ತಿದ್ದೂ ನಾನು ಅತ್ತೆ.

ಇನ್ನು ಆ ಕಪ್ಪು ಬಿಳುಪು ತುಣುಕು. "ತಲೆತಲಾಂತರದಿಂದ" ಅಂತ ನಿರೂಪಕರ ಗಂಭೀರ ದನಿ ಬರುವಾಗ ಒಬ್ಬರು ತಗಡು ಬಡಿದು ಕೊಡ ಮಾಡುತ್ತಿದ್ದಾರೆ. ಬಿದ್ರಿ ಸಾಮಾನು ಹಾಗೆ ಬಡಿದು ಮಾಡೋದಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ, ಕರಗಿಸಿ, ಮಣ್ಣಿನ ಅಚ್ಚಿಗೆ ಎರಕ ಹೊಯ್ಯುತ್ತಾರೆ. ಸುತ್ತಿಗೆ ಬರೋದು ಆಮೇಲೆ, ಉಳಿಯಿಂದ ಕೆತ್ತುವಾಗ, ಬೆಳ್ಳಿ ಕೂರಿಸುವಾಗ. ಅಂದರೆ ಆ ತುಣುಕು ಬೇರೆ ಯಾವುದೋ ಕೆಲಸದ್ದು. ಊರಿಲ್ಲ, ಇಸವಿ ಇಲ್ಲ. ಹಳೆಯದು, ಗೀರು ಬಿದ್ದಿದೆ, ಅಷ್ಟಕ್ಕೇ ನಂಬಿಬಿಡ್ತೀವಿ, ಅಲ್ವಾ?

ಎರಡು ಗಂಟೆ ಮಾತನ್ನು ಆರು ನಿಮಿಷಕ್ಕೆ ಇಳಿಸಲೇಬೇಕಲ್ಲ ಅಂತ ಗೆಳೆಯನೊಬ್ಬ ಹೇಳಿದ. ಇಳಿಸಲಿ. ಪೂರ್ತಿ ಉತ್ತರವನ್ನೇ ಬಿಡಲಿ, ಬೇಜಾರಿಲ್ಲ. ಆದರೆ "ಖರೇ ಅಲ್ಲ ಅದು" ಅನ್ನಲು ಎರಡು ಸೆಕೆಂಡ್ ಸಾಕು. ಕೊಳಲಿಗೆ ಇಪ್ಪತ್ತು ಸೆಕೆಂಡ್ ಸಿಕ್ಕಿದೆ.

ಇವತ್ತು ಬೆಳಿಗ್ಗೆ ಚಾಚಾಗೆ ಫೋನಲ್ಲಿ ತೋರಿಸಿದೆ. ಅವರ ಹತ್ತಿರ ಕೆಲಸ ಕಲಿಯುವ ಇಬ್ಬರು ಹುಡುಗರೂ ಬಗ್ಗಿ ನೋಡುತ್ತಿದ್ದರು. ಚಾಚಾ ಕನ್ನಡಕ ತೆಗೆದು ಕೇಳಿದರು, "ಬೇಟಾ, ನಾ ಹಂಗ ಅಂದಿದ್ನೇನ?"

ನನ್ನ ರೆಕಾರ್ಡಿಂಗ್ ಹಾಕಿದೆ. ಆ ಮೂರು ಮಾತು ಬಂದಾಗ ಹುಡುಗರ ಕಡೆ ತಿರುಗಿ, ಇನ್ನೊಮ್ಮೆ ಹಾಕು ಅಂದರು.