ಆ ಫಿಲ್ಟರ್ ಬಟನ್ ಏಕೆ ಜಾಗ ಬಿಟ್ಟಿತು ಎಂದು ಯಾರಾದರೂ ಉತ್ತರ ಕೊಡಿ

ಆಫೀಸಿನ ಟಿವಿಯ ಮೇಲೆ ಬೇರೆ ಬೇರೆ ಗ್ರಾಹಕರ ಮೇಲ್‌ಗಳ ಪಟ್ಟಿ ಮೂಡಿದ್ದು ಕೆಲವೇ ಕ್ಷಣ, ಅದನ್ನೇ ಹಿಡಿದುಕೊಂಡು ಕೂರಬೇಡಿ ಎಂದು ಬೆಳಗಿನಿಂದ ಆಫೀಸಿನಲ್ಲಿ ಎಲ್ಲರೂ ನನಗೆ ಬುದ್ಧಿ ಹೇಳುತ್ತಿದ್ದಾರೆ. ಕೂರದೆ ಏನು ಮಾಡಲಿ? ಆ ಕೆಲವೇ ಕ್ಷಣಗಳಲ್ಲಿ ಓದಬಾರದವರು ಓದಬಾರದ್ದನ್ನು ಓದಿಯಾಗಿದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಬಟನ್ ಯಾವ ಆವೃತ್ತಿಯಲ್ಲೂ ಇಲ್ಲ.

ಆ ಮೇಲ್ ಆ್ಯಪಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಕಂಪ್ಯೂಟರಿನಲ್ಲಿ ಹಾಕಿಕೊಂಡು ಬಳಸುವ, ದುಡ್ಡು ಕೊಡಬೇಕಿಲ್ಲದ ಆ್ಯಪ್ ಅದು. ಮುಂದೆ ಬರುವ ಮೆನುಗಳ ಹೆಸರನ್ನು ನೋಡಿದರೆ ಬಳಸುವವರಿಗೆ ಅದು ಯಾವುದೆಂದು ತಾನಾಗಿಯೇ ತಿಳಿಯುತ್ತದೆ. ನಮ್ಮದು ಬಸವನಗುಡಿಯಲ್ಲಿರುವ ಆಡಿಟರ್ ಆಫೀಸು. ನನ್ನ ಕಂಪ್ಯೂಟರಿನಲ್ಲಿ ಅದರ 102ನೇ ಆವೃತ್ತಿ ಯಾವ ತಂಟೆಯೂ ಇಲ್ಲದೆ ನಡೆಯುತ್ತಿತ್ತು. ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ನಾನು ಮನೆಗೆ ಹೋದ ಮೇಲೆ ಬಂದು, ಎಲ್ಲರ ಯಂತ್ರಗಳಿಗೂ ಮಾಡಿದಂತೆ ನನ್ನದಕ್ಕೂ ಅಪ್‌ಡೇಟ್ ಮಾಡಿ ಹೋಗಿದ್ದಾನೆ. 2023ರ ಜುಲೈನಲ್ಲಿ ಬಂದ 115ರಲ್ಲೇ ಈ ಆ್ಯಪಿನ ಹೊರನೋಟ ಪೂರ್ತಿ ಬದಲಾಗಿತ್ತಂತೆ. ಅಷ್ಟು ಕಾಲ ನನಗೆ ಅದರ ಬಿಸಿ ತಟ್ಟಿರಲಿಲ್ಲ, ಇವತ್ತು ಒಟ್ಟಿಗೇ ತಟ್ಟಿತು.

ನಡೆದದ್ದು ಇಷ್ಟು. ಚಿಕ್ಕಪೇಟೆಯ ಸೀರೆ ವ್ಯಾಪಾರಿಯೊಬ್ಬರು ತಮಗೆ ಬಂದಿದ್ದ ಜಿಎಸ್‌ಟಿ ನೋಟಿಸಿನ ಬಗ್ಗೆ ಮಾತನಾಡಲು ಬಂದಿದ್ದರು. ರಿಟರ್ನ್‌ಗಳನ್ನು ಪರಿಶೀಲಿಸಿದಾಗ ವ್ಯತ್ಯಾಸ ಕಂಡರೆ ಇಲಾಖೆ ಕಳಿಸುವ ನಮೂನೆ `ASMT-10`, ಅದೇ ನೋಟಿಸು. ನಮ್ಮ ಸರ್ ಎದುರಿಗೆ ಕುಳಿತು, "ಆ ಮೇಲ್ ತೆಗೀರಿ ಮೇಡಂ, ಟಿವಿಲಿ ತೋರಿಸಿ" ಎಂದರು. ನನ್ನ ಕಂಪ್ಯೂಟರಿನ ಪರದೆ ಗೋಡೆಯ ಟಿವಿಗೆ ಜೋಡಿಸಿತ್ತು. ನಾನು ಎಂದಿನಂತೆ ಆ ವ್ಯಾಪಾರಿಯ ಹೆಸರಿನ ಫೋಲ್ಡರ್ ತೆರೆದೆ. ಮೇಲಿನ ಟೂಲ್‌ಬಾರಿನಲ್ಲಿ ಸದಾ ಇರುತ್ತಿದ್ದ `Quick Filter` ಬಟನ್ ಅಲ್ಲಿರಲಿಲ್ಲ. ಫೈಲ್, ಎಡಿಟ್, ವ್ಯೂ ಎಂದು ಸಾಲಾಗಿರುತ್ತಿದ್ದ ಮೆನುಗಳೂ ಇರಲಿಲ್ಲ. ಬಟನ್ ಇರಬೇಕಾಗಿದ್ದ ಮೇಲ್ಸಾಲಿನ ನಟ್ಟ ನಡುವೆ, ಹುಡುಕು ಎಂದು ಬರೆದುಕೊಂಡ ಉದ್ದನೆಯ ಪೆಟ್ಟಿಗೆಯೊಂದು ಮಾತ್ರ ಕುಳಿತಿತ್ತು. ಇಬ್ಬರು ಎದುರಿಗೆ ಕಾಯುತ್ತಿರುವಾಗ ಕೈ ಎಲ್ಲಿಗೆ ಹೋಗುತ್ತದೆ? ಅದರೊಳಗೆ `ASMT-10` ಎಂದು ಟೈಪ್ ಮಾಡಿ ಎಂಟರ್ ಒತ್ತಿದೆ.

ಹೊಸ ಟ್ಯಾಬ್ ತೆರೆದುಕೊಂಡಿತು. ನಮ್ಮ ಆಫೀಸಿನಲ್ಲಿ ಯಾರ್‍ಯಾರಿಗೆ ಆ ನೋಟಿಸು ಬಂದಿದೆಯೋ ಅಷ್ಟೂ ಜನರ ಮೇಲ್‌ಗಳು ಹೆಸರು, ವಿಷಯದ ಸಾಲು, ಒಳಗಿನ ಒಂದೆರಡು ಸಾಲುಗಳ ಸಮೇತ ಗೋಡೆಯ ಮೇಲೆ ದೊಡ್ಡದಾಗಿ ಮೂಡಿದವು. ಮೊದಲನೆಯದೇ ಅದೇ ಚಿಕ್ಕಪೇಟೆಯ ಇನ್ನೊಂದು ಸೀರೆ ಅಂಗಡಿಯದು. ವ್ಯಾಪಾರಿ ಕನ್ನಡಕ ಸರಿಪಡಿಸಿಕೊಂಡು ಆ ಅಂಗಡಿಯ ಹೆಸರನ್ನು ಜೋರಾಗಿ ಓದಿ, "ಓಹೋ, ಅವರಿಗೂ ಬಂದಿದೆಯಾ?" ಎಂದರು. ನಾನು ಟ್ಯಾಬ್ ಮುಚ್ಚಲು ಹೋದರೆ ಕೈ ನಡುಗಿ ಮೌಸಿನ ಬಾಣ ಬೇರೆಲ್ಲೋ ಹೋಯಿತು. ಅಷ್ಟರಲ್ಲಿ ಸರ್ ಎದ್ದು ಬಂದು ಟಿವಿಯನ್ನೇ ಆರಿಸಿದರು. ಆರಿಸಿ, ಆ ವ್ಯಾಪಾರಿಯ ಎದುರಿಗೇ, "ಇಷ್ಟು ವರ್ಷ ಆಯ್ತು, ಒಂದು ಮೇಲ್ ಹುಡುಕೋಕೆ ಬರಲ್ವೇನ್ರಿ ನಿಮಗೆ?" ಎಂದು ಕೇಳಿದರು. ವ್ಯಾಪಾರಿ ಮಾತನಾಡಲಿಲ್ಲ. ಆದರೆ ಅವರ ಮುಖ ನೋಡಿದರೆ, ನಾಳೆ ತನ್ನ ನೋಟಿಸು ಕೂಡ ಇನ್ನೊಬ್ಬರ ಮುಂದೆ ಹೀಗೇ ಟಿವಿಯಲ್ಲಿ ಬರುತ್ತದೆ ಎಂದು ಅವರು ಲೆಕ್ಕ ಹಾಕುತ್ತಿದ್ದದ್ದು ಸ್ಪಷ್ಟವಾಗಿತ್ತು. ಆ ಮುಖ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಮೇಲ್ ಹುಡುಕಲು ನನಗೆ ಬರುತ್ತದೆ ಸರ್. ಬಟನ್ ಇದ್ದಲ್ಲಿ ಇದ್ದಿದ್ದರೆ, ಅವರ ಫೋಲ್ಡರಿನೊಳಗಿನ ಅವರದೇ ಒಂದು ಮೇಲ್ ಮಾತ್ರ ಬರುತ್ತಿತ್ತು.

ಎರಡೂ ಹುಡುಕಾಟವೇ ಅಲ್ಲವೇ ಎನ್ನುವವರಿಗೆ ಇದನ್ನು ಬಿಡಿಸಿ ಹೇಳಲೇಬೇಕು. `Quick Filter` ತೆರೆದಿರುವ ಫೋಲ್ಡರನ್ನು ಮಾತ್ರ ಸೋಸುತ್ತದೆ, ಅದರಾಚೆ ಇಣುಕುವುದಿಲ್ಲ. ಮೇಲಿನ ಪೆಟ್ಟಿಗೆ ಹಾಗಲ್ಲ. ಆ್ಯಪಿನಲ್ಲಿ ಜೋಡಿಸಿರುವ ಎಲ್ಲ ಖಾತೆಗಳ, ಎಲ್ಲ ಫೋಲ್ಡರುಗಳ ಮೇಲ್‌ಗಳಿಗೂ ಆ್ಯಪ್ ಒಂದು ಸೂಚಿಯನ್ನು ಮೊದಲೇ ಮಾಡಿಟ್ಟುಕೊಂಡಿರುತ್ತದೆ, ಪೆಟ್ಟಿಗೆ ಹುಡುಕುವುದು ಆ ಸೂಚಿಯಲ್ಲಿ. ಬೀರುವಿನಿಂದ ಒಬ್ಬರ ಫೈಲ್ ಎಳೆಯುವುದಕ್ಕೂ ಬೀರುವನ್ನೇ ಮೇಜಿನ ಮೇಲೆ ಕವುಚುವುದಕ್ಕೂ ಇರುವ ವ್ಯತ್ಯಾಸ ಇದು. ಹಳೆಯ ಆವೃತ್ತಿಯಲ್ಲಿ ಆ ಪೆಟ್ಟಿಗೆ ಬಲತುದಿಯಲ್ಲಿ ತನ್ನ ಪಾಡಿಗೆ ತಾನಿತ್ತು. ಅದನ್ನು ನಡುವೆ ತಂದು ಕೂರಿಸಿ, ದಿನಕ್ಕೆ ಹತ್ತಾರು ಬಾರಿ ಒತ್ತುವ ಬಟನ್ನನ್ನು ಎತ್ತಿ ಬೇರೆ ಕಡೆ ಇಟ್ಟವರು, ಒಂದೇ ಮೇಜಿನಲ್ಲಿ ಹಲವು ಜನರ ಗುಟ್ಟನ್ನು ಕಾಪಾಡಬೇಕಾದವರ ಬಗ್ಗೆ ಯೋಚಿಸಿದ್ದರೇ? ಇದಕ್ಕೆ ಯಾರಾದರೂ ಉತ್ತರ ಕೊಡಿ. ಮಾಡಿದವರೇ ಕೊಡಬೇಕೆಂದಿಲ್ಲ, ಬಲ್ಲವರು ಯಾರೇ ಆದರೂ ಸರಿ.

ಮಧ್ಯಾಹ್ನ ಊಟ ಬಿಟ್ಟು ಕುಳಿತು ಹುಡುಕಿದೆ. ಬಟನ್ ಎಲ್ಲಿಗೂ ಹೋಗಿಲ್ಲ. ಮೇಲ್‌ಗಳ ಪಟ್ಟಿಯ ನೆತ್ತಿಯ ಮೇಲೆ, ಫೋಲ್ಡರಿನ ಹೆಸರು ಮತ್ತು ಅದರಲ್ಲಿರುವ ಮೇಲ್‌ಗಳ ಸಂಖ್ಯೆ ಕಾಣುವ ಸಾಲಿನ ಬಲಗಡೆಗೆ ಸರಿದಿದೆ, ಅಷ್ಟೆ. ಅದನ್ನು ಕಣ್ಣಿನಿಂದ ಹುಡುಕಬೇಕಾಗಿಯೂ ಇಲ್ಲ, `Ctrl+Shift+K` ಒತ್ತಿದರೆ ಸೋಸುವ ಪಟ್ಟಿ ತೆರೆದು ಬರೆಯುವ ಜಾಗಕ್ಕೇ ಕರ್ಸರ್ ಹೋಗುತ್ತದೆ. ಕಾಣೆಯಾದ ಮೆನುಗಳು ಬೇಕಾದರೆ `Alt` ಒತ್ತಬೇಕು. ಅವು ಒಂದು ಕ್ಷಣ ಮುಖ ತೋರಿಸಿದಾಗ `View` > `Toolbars` > `Menu Bar` ಆರಿಸಿದರೆ ಮತ್ತೆ ಅಲ್ಲೇ ನೆಲೆಸುತ್ತವೆ. ಇಷ್ಟನ್ನು ಅಪ್‌ಡೇಟ್ ಮಾಡಿದ ಹುಡುಗ ಒಂದು ಚೀಟಿಯಲ್ಲಿ ಬರೆದು ಕೀಬೋರ್ಡಿನ ಮೇಲೆ ಇಟ್ಟು ಹೋಗಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಬಟನ್ ಸಿಕ್ಕಿತಲ್ಲ, ಬಿಟ್ಟುಬಿಡೋಣ ಎಂದುಕೊಂಡೆ. ಆಗಲೇ ನಮ್ಮ ಜೂನಿಯರ್ ಓಡಿ ಬಂದು, "ಅಕ್ಕಾ, ನನ್ನ ಫೋಲ್ಡರಲ್ಲಿ ಮೇಲ್‌ಗಳೇ ಇಲ್ಲ, ಎಲ್ಲಾ ಹೋಗಿದೆ" ಎಂದಳು. ಏನೂ ಹೋಗಿರಲಿಲ್ಲ. ಸೋಸುವ ಪಟ್ಟಿಯ ಎಡತುದಿಯಲ್ಲಿ ಪಿನ್ನಿನ ಚಿತ್ರವಿರುತ್ತದೆ. ಅದನ್ನು ಒತ್ತಿಟ್ಟರೆ ಒಂದು ಫೋಲ್ಡರಿನಲ್ಲಿ ಹಾಕಿದ ಸೋಸುವಿಕೆ ಮುಂದಿನ ಫೋಲ್ಡರಿಗೂ ಹಿಂಬಾಲಿಸುತ್ತದೆ. ಹೊಸ ಜಾಗದಲ್ಲಿ ತಡಕಾಡುವಾಗ ಅವಳ ಕೈ ಅದಕ್ಕೆ ತಾಗಿತ್ತು. ಪಿನ್ ಬಿಡಿಸಿ, ಬರೆದಿದ್ದನ್ನು ಅಳಿಸಿದ ಕೂಡಲೇ ಎಲ್ಲವೂ ಬಂದವು. ಮೇಲ್ ಮಾಯವಾಯಿತು ಎಂದು ಎದೆ ಒಡೆದುಕೊಳ್ಳುವ ಮೊದಲು ಆ ಪಿನ್ನನ್ನು ನೋಡಿ.

ಈಗ ಆ ಉದ್ದನೆಯ ಪೆಟ್ಟಿಗೆಯ ಮಾತು. ಮೇಲಿನ ಸಾಲಿನ ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿ `Customize` ತೆರೆದು, ಅದನ್ನು ಎಳೆದು ಹೊರಗೆ ಹಾಕಿ ಉಳಿಸಿದೆ. ಮನಸ್ಸಿಗೆ ಅಷ್ಟು ಸಾಲಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ `General` ಭಾಗದ ಕೆಳಗಡೆ `Enable Global Search and Indexer` ಎಂಬ ಗುರುತಿದೆ. ಅದನ್ನು ತೆಗೆದರೆ ಎಲ್ಲವನ್ನೂ ಒಟ್ಟಿಗೆ ಹುಡುಕುವ ವ್ಯವಸ್ಥೆಯೇ ನಿಲ್ಲುತ್ತದೆ. ಅದನ್ನೂ ತೆಗೆದೆ. ಆ ಹುಡುಕಾಟ ನಿಜಕ್ಕೂ ಬೇಕು ಎನ್ನುವವರು ಮುಚ್ಚಿಡಬೇಕಾದ ಫೋಲ್ಡರುಗಳ ಮೇಲೆ ಮಾತ್ರ ಬಲ ಕ್ಲಿಕ್ ಮಾಡಿ `Properties`ಗೆ ಹೋಗಿ, ಆ ಫೋಲ್ಡರಿನ ಮೇಲ್‌ಗಳನ್ನು ಒಟ್ಟು ಹುಡುಕಾಟದಲ್ಲಿ ಸೇರಿಸುವ ಗುರುತನ್ನು ತೆಗೆಯಬಹುದು. ನಮ್ಮಲ್ಲಿ ಎಲ್ಲ ಫೋಲ್ಡರುಗಳೂ ಮುಚ್ಚಿಡಬೇಕಾದವೇ.

ಹಳೆಯದಕ್ಕೇ ಹೋಗಿಬಿಡೋಣ, 102ನ್ನು ಮತ್ತೆ ಹಾಕಿಕೊಡು ಎಂದು ಆ ಹುಡುಗನಿಗೆ ಫೋನಿನಲ್ಲಿ ಕೂಗಾಡಿದೆ. ಅವನು ಬಂದು ಹಾಕಿದ. ಆ್ಯಪ್ ತೆರೆಯುವ ಬದಲು, ನೀವು ಹಳೆಯ ಆವೃತ್ತಿಯನ್ನು ತೆರೆದಿದ್ದೀರಿ, ಹೊಸ ಪ್ರೊಫೈಲ್ ಮಾಡಿಕೊಳ್ಳಿ ಇಲ್ಲವೇ ಹೊರಗೆ ಹೋಗಿ ಎಂಬ ಸೂಚನೆ ಬಂತು. ಅಲ್ಲಿ ಹೊಸ ಪ್ರೊಫೈಲ್ ಒತ್ತಿದರೆ ಆ್ಯಪ್ ಬರಿದಾಗಿ ತೆರೆಯುತ್ತದೆ, ಖಾತೆಗಳೂ ಇಲ್ಲ, ಮೇಲ್‌ಗಳೂ ಇಲ್ಲ. ನಮ್ಮ ಖಾತೆ, ಮೇಲ್, ಸೆಟ್ಟಿಂಗ್ಸ್ ಎಲ್ಲವನ್ನೂ ಇಟ್ಟುಕೊಂಡಿರುವ ಹಳೆಯ ಪ್ರೊಫೈಲ್ ಫೋಲ್ಡರ್ ಡಿಸ್ಕಿನಲ್ಲಿ ಹಾಗೇ ಇರುತ್ತದೆ, ಆದರೆ ಅದು ಗೊತ್ತಿಲ್ಲದವರ ಜೀವ ಬಾಯಿಗೆ ಬರುತ್ತದೆ. ಈ ತಡೆಗೆ ಕಾರಣವಿದೆ. ಹೊಸ ಆವೃತ್ತಿ ಒಮ್ಮೆ ತೆರೆದರೆ ಸಾಕು, ಪ್ರೊಫೈಲಿನ ಒಳಗಿನ ಕೆಲವು ಕಡತಗಳನ್ನು ತನ್ನ ರೀತಿಗೆ ಬದಲಿಸಿಕೊಳ್ಳುತ್ತದೆ, ಹಳೆಯದಕ್ಕೆ ಅವು ಅರ್ಥವಾಗದೆ ಕೆಡಬಹುದು. ಶಾರ್ಟ್‌ಕಟ್‌ನ `Target` ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು ಇದನ್ನು ಸೇರಿಸಿದರೆ ತಡೆಯನ್ನು ದಾಟಬಹುದು:

```
--allow-downgrade
```

ದಾಟಬಹುದು, ಆದರೆ ವಿಳಾಸ ಪುಸ್ತಕವೋ ಫೋಲ್ಡರಿನ ವ್ಯವಸ್ಥೆಯೋ ಕೆಟ್ಟರೆ ಕೇಳುವವರಿಲ್ಲ. ಸರಿಯಾದ ದಾರಿ ಎಂದರೆ, ಅಪ್‌ಡೇಟಿಗೆ ಮೊದಲೇ ಆ್ಯಪನ್ನು ಮುಚ್ಚಿ ಪ್ರೊಫೈಲ್ ಫೋಲ್ಡರಿನ ಪೂರ್ತಿ ಪ್ರತಿಯೊಂದನ್ನು ತೆಗೆದಿಟ್ಟುಕೊಂಡಿರಬೇಕು. ಆಗ ಹಳೆಯ ಆವೃತ್ತಿಗೆ ಆ ಹಳೆಯ ಪ್ರತಿಯನ್ನೇ ಕೊಡಬಹುದು. ನಡುವೆ ಬಂದ ಮೇಲ್‌ಗಳು ಐಮ್ಯಾಪ್ ಖಾತೆಯಾದರೆ ಸರ್ವರಿನಿಂದ ಮತ್ತೆ ಇಳಿಯುತ್ತವೆ. ಪಾಪ್ ಖಾತೆಯಾಗಿದ್ದು, ಸರ್ವರಿನಲ್ಲಿ ಪ್ರತಿ ಉಳಿಯದಿದ್ದರೆ ಇಳಿಯುವುದಿಲ್ಲ. ಆ ಪ್ರತಿಯನ್ನು ತೆಗೆದಿಟ್ಟಿದ್ದೀಯಾ ಎಂದು ಕೇಳಿದರೆ ಹುಡುಗ ನೆಲ ನೋಡಿದ. ಅಲ್ಲದೆ 102ಕ್ಕೆ ಭದ್ರತೆಯ ತಿದ್ದುಪಡಿಗಳು ಬರುವುದು ನಿಂತು ಬಹಳ ಕಾಲವಾಗಿದೆ. ಇಲಾಖೆಯ ಹೆಸರಿನಲ್ಲಿ ಮೋಸದ ಮೇಲ್‌ಗಳು ಬಂದು ಬೀಳುವ ಆಡಿಟರ್ ಆಫೀಸಿನಲ್ಲಿ ಅದನ್ನು ಇಟ್ಟುಕೊಳ್ಳುವುದು ಸರಿಯಲ್ಲ ಎಂದು ನನಗೂ ಗೊತ್ತು. ಹಾಗಾಗಿ ಹೊಸದನ್ನೇ ಮತ್ತೆ ಹಾಕಿಸಿಕೊಂಡು ಸುಮ್ಮನಾದೆ. ಸುಮ್ಮನಾದೆ ಎನ್ನುವುದೂ ಸುಳ್ಳು, ಸುಮ್ಮನಾಗಿದ್ದರೆ ರಾತ್ರಿ ಇಷ್ಟು ಹೊತ್ತಿನಲ್ಲಿ ಇದನ್ನು ಬರೆಯುತ್ತಿರಲಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ತಾನಾಗಿ ಸೇರದಂತೆ, ಹೊಸದು ಬಂದಿದೆಯೆಂದು ತಿಳಿಸಿ ನಮ್ಮನ್ನು ಕೇಳುವಂತೆ ಮಾಡುವ ಆಯ್ಕೆಯಿದೆ. ಅದನ್ನು ಎಲ್ಲ ಕಂಪ್ಯೂಟರುಗಳಲ್ಲೂ ಹಾಕಿಸಿದ್ದೇನೆ. ಪ್ರೊಫೈಲಿನ ಪ್ರತಿ ತೆಗೆದು ನನಗೆ ತೋರಿಸದೆ ಯಾರೂ ನನ್ನ ಯಂತ್ರ ಮುಟ್ಟಕೂಡದು ಎಂದು ಹುಡುಗನಿಗೆ ಹೇಳಿದ್ದೇನೆ, ಸರ್‌ಗೂ ಬರೆದು ಕಳಿಸಿದ್ದೇನೆ. ಆ ಇನ್ನೊಂದು ಸೀರೆ ಅಂಗಡಿಯವರಿಗೆ ನಾಳೆ ಬೆಳಿಗ್ಗೆ ಫೋನ್ ಮಾಡಿ, ಅವರ ನೋಟಿಸಿನ ವಿಷಯ ಹೊರಗೆ ಗೊತ್ತಾಗಿದೆ ಎಂದು ಹೇಳಬೇಕಾಗಿದೆ. ಅದನ್ನು ಯಾರು ಹೇಳಬೇಕು ಎಂದು ಸರ್ ಇನ್ನೂ ಉತ್ತರ ಕೊಟ್ಟಿಲ್ಲ.